ಹಿಗ್ಗುವ ಕೈಗೆ ಮೂರು ದಾರಿ: ಕೊನೆಗೌಡನ ರಿಗ್‌ನಲ್ಲಿ ಮಾಡಿ ನೋಡಿದ ಹೋಲಿಕೆ

ಸಾಗರದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ನಾನು ಮಾಡುತ್ತಿರುವ ಕಿರು ಅನಿಮೇಶನ್‌ನಲ್ಲಿ ಒಬ್ಬ ಕೊನೆಗೌಡನಿದ್ದಾನೆ. ಆತ ಒಂದು ಅಡಿಕೆ ಮರದ ಕೊನೆ ಕೊಯ್ದು ಮುಗಿಸಿ, ಕೆಳಗಿಳಿಯದೆ, ಮರವನ್ನು ತೂಗಾಡಿಸಿ ಪಕ್ಕದ ಮರಕ್ಕೆ ಕೈ ಚಾಚುತ್ತಾನೆ. ನಿಜವಾದ ಕೊನೆಗೌಡರ ಕೈ ಉದ್ದವಾಗುವುದಿಲ್ಲ, ಆ ದೂರವನ್ನು ಮರದ ಬಾಗು ತುಂಬಿಕೊಡುತ್ತದೆ. ಆದರೆ ನಮ್ಮದು ವ್ಯಂಗ್ಯಚಿತ್ರದ ಶೈಲಿಯಾದ್ದರಿಂದ ಚಾಚುವ ಆ ಗಳಿಗೆಯಲ್ಲಿ ಕೈ ಸ್ವಲ್ಪ ಹಿಗ್ಗಬೇಕು, ಹಿಗ್ಗುವಾಗ ಸ್ವಲ್ಪ ತೆಳುವಾಗಬೇಕು, ಒಂದು ಮಿತಿಯನ್ನು ದಾಟಿ ರಬ್ಬರ್ ಪಟ್ಟಿಯಂತೆ ಕಾಣಬಾರದು. ಈ ಮೂರು ಬೇಡಿಕೆಗಳನ್ನು ಪೂರೈಸಲು ಬ್ಲೆಂಡರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಮೂರು ದಾರಿಗಳನ್ನು ಒಂದೇ ಪಾತ್ರದ ರಿಗ್ಗಿನ, ಅಂದರೆ ಪಾತ್ರವನ್ನು ಆಡಿಸುವ ಮೂಳೆಗಳ ಚೌಕಟ್ಟಿನ ಮೇಲೆ, ಒಂದೇ ಚಲನೆಗೆ ಹಚ್ಚಿ ನೋಡಿದೆ.

ಪರೀಕ್ಷೆಯ ಕೈಯಲ್ಲಿ ಮೇಲ್ದೋಳು 30 ಸೆಂಟಿಮೀಟರ್, ಮುಂಗೈ 30 ಸೆಂಟಿಮೀಟರ್, ಅಂದರೆ ಭುಜದಿಂದ ಮಣಿಕಟ್ಟಿನವರೆಗೆ ನೇರವಾದಾಗ ಒಟ್ಟು 60. ಮಣಿಕಟ್ಟಿನ ಕಂಟ್ರೋಲನ್ನು, ಅಂದರೆ ಹಸ್ತವನ್ನು ಎಳೆಯುವ ಹಿಡಿಕೆಯನ್ನು, ಭುಜದಿಂದ 42 ಸೆಂಟಿಮೀಟರ್ ದೂರದಲ್ಲಿಟ್ಟು, ಪ್ರತಿ ಫ್ರೇಮಿಗೆ ಒಂದು ಸೆಂಟಿಮೀಟರಿನಂತೆ 80 ಸೆಂಟಿಮೀಟರ್ ತನಕ ಸಮವೇಗದಲ್ಲಿ ದೂರಕ್ಕೆ ಎಳೆದೆ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ ಇದು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು. ಹಿಗ್ಗುವಿಕೆಯ ಮಿತಿಯನ್ನು 1.3 ಪಟ್ಟು, ಅಂದರೆ 78 ಸೆಂಟಿಮೀಟರ್ ಎಂದು ನಿಗದಿಪಡಿಸಿಕೊಂಡೆ. ಕೊನೆಯ ಎರಡು ಫ್ರೇಮುಗಳಲ್ಲಿ ಕಂಟ್ರೋಲು ಮಿತಿಯಾಚೆ ಹೋಗುವಂತೆ ಬೇಕೆಂದೇ ಬಿಟ್ಟೆ, ಏಕೆಂದರೆ ಮಿತಿ ಇದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಮೊದಲನೆಯದು: ಸಾಲ್ವರ್‌ನದೇ ಹಿಗ್ಗುವಿಕೆ

ಬ್ಲೆಂಡರ್‌ನ ಇನ್ವರ್ಸ್ ಕೈನೆಮ್ಯಾಟಿಕ್ಸ್, ಚುಟುಕಾಗಿ ಐಕೆ, ಎಂಬ ಕನ್‌ಸ್ಟ್ರೈಂಟಿನಲ್ಲಿ `Stretch` ಎಂಬ ಗುರುತು ಹಾಕಿ, ಸರಪಳಿಯ ಪ್ರತಿ ಮೂಳೆಯ ಗುಣಲಕ್ಷಣಗಳಲ್ಲಿ `IK Stretch` ಬೆಲೆಯನ್ನು ಸೊನ್ನೆಗಿಂತ ಮೇಲಕ್ಕೆ ಏರಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ರಿಗ್ಗನ್ನು ಒಟ್ಟಾಗಿ ದೊಡ್ಡದು ಅಥವಾ ಚಿಕ್ಕದು ಮಾಡಿದರೂ ಇದು ಕೆಡುವುದಿಲ್ಲ. ಕಥೆಯ ಒರಟು ಭಂಗಿಗಳನ್ನು ಜೋಡಿಸುವ ಹಂತದಲ್ಲಿ ನಾನು ಈಗಲೂ ಇದನ್ನೇ ಬಳಸುತ್ತೇನೆ.

ತೊಂದರೆ ಇರುವುದು ಅದರ ಸ್ವಭಾವದಲ್ಲಿ. ಸಾಲ್ವರ್ ಎಂದರೆ ಮಣಿಕಟ್ಟು ಗುರಿ ಮುಟ್ಟುವಂತೆ ಮೂಳೆಗಳ ಭಂಗಿಯನ್ನು ಲೆಕ್ಕ ಹಾಕುವ ಐಕೆಯ ಭಾಗ. ಸಾಲ್ವರ್‌ನ ಕಣ್ಣಿಗೆ ಮೊಣಕೈ ಮಡಚುವುದು ಮತ್ತು ಮೂಳೆ ಉದ್ದವಾಗುವುದು ಎರಡೂ ಗುರಿ ಮುಟ್ಟಲು ಇರುವ ಸಮಾನ ಉಪಾಯಗಳು. `IK Stretch` ಬೆಲೆಯು ಎರಡನೆಯ ಉಪಾಯವನ್ನು ಎಷ್ಟು ಸುಲಭವಾಗಿ ಬಳಸಬಹುದು ಎಂದು ಹೇಳುತ್ತದೆಯೇ ಹೊರತು, ಮೊದಲು ಮೊಣಕೈ ನೇರವಾಗಲಿ, ಆಮೇಲೆ ಹಿಗ್ಗಲಿ ಎಂಬ ಕ್ರಮವನ್ನು ಹೇಳುವುದಿಲ್ಲ. ಆದ್ದರಿಂದ ಮೊಣಕೈ ಇನ್ನೂ ಚೆನ್ನಾಗಿ ಮಡಚಿರುವಾಗಲೇ ಕೈ ತುಸು ಉದ್ದವಾಗಲು ಶುರುವಾಗುತ್ತದೆ. ಕೈಯನ್ನು ಭುಜದ ಹತ್ತಿರ ತಂದರೆ ಅದು ಗಿಡ್ಡವೂ ಆಗುತ್ತದೆ. ಬೆಲೆಯನ್ನು ತೀರಾ ಕಡಿಮೆ ಮಾಡಿದರೆ ಈ ದೋಷ ಕಣ್ಣಿಗೆ ಬೀಳದಷ್ಟು ಸಣ್ಣದಾಗುತ್ತದೆ, ಇಲ್ಲವೆಂದಾಗುವುದಿಲ್ಲ. ಉದ್ದಕ್ಕೆ ಮೇಲ್ಮಿತಿಯನ್ನು ಬರೆಯುವ ಜಾಗವೇ ಇಲ್ಲಿಲ್ಲ. ಕಂಟ್ರೋಲು 80 ಸೆಂಟಿಮೀಟರಿಗೆ ಹೋದಾಗ ಕೈಯೂ ಹಿಂದೆಯೇ ಹೋಯಿತು. ಗಾತ್ರವನ್ನು ಕಾಯುವ ಏರ್ಪಾಡೂ ಇಲ್ಲವಾದ್ದರಿಂದ ಕೈ ಹಿಗ್ಗಿದಷ್ಟೂ ಅದರಲ್ಲಿ ಮಾಂಸ ಹೆಚ್ಚಾದಂತೆ ಕಾಣುತ್ತದೆ. ಅಂತಿಮ ದೃಶ್ಯಕ್ಕೆ ಇದನ್ನು ಬಿಟ್ಟೆ.

ಎರಡನೆಯದು: ದೂರ ಅಳೆದು ಮೂಳೆಯನ್ನು ಹಿಗ್ಗಿಸುವುದು

ಇಲ್ಲಿ ಸಾಲ್ವರ್‌ನ ಹಿಗ್ಗುವಿಕೆಯನ್ನು ಪೂರ್ತಿ ನಿಲ್ಲಿಸಿ, ಭುಜದಿಂದ ಮಣಿಕಟ್ಟಿನ ಕಂಟ್ರೋಲಿನವರೆಗಿನ ದೂರವನ್ನು, ಒಂದು ಬೆಲೆಯಿಂದ ಇನ್ನೊಂದನ್ನು ಸೂತ್ರದ ಮೂಲಕ ನಡೆಸುವ ಡ್ರೈವರ್‌ನಿಂದ ಅಳೆಯುತ್ತೇವೆ. ಆ ದೂರವನ್ನು ಕೈಯ ಸಹಜ ಉದ್ದದಿಂದ ಭಾಗಿಸಿದಾಗ ಬರುವ ಅನುಪಾತವೇ ಎರಡೂ ಮೂಳೆಗಳ ಉದ್ದದ ಅಕ್ಷದ, ಅಂದರೆ `Y` ಅಕ್ಷದ ಸ್ಕೇಲ್ ಆಗುತ್ತದೆ. ಅನುಪಾತ 1ಕ್ಕಿಂತ ಕಡಿಮೆಯಾಗದಂತೆ, 1.3ಕ್ಕಿಂತ ಹೆಚ್ಚಾಗದಂತೆ ತಡೆದರೆ ಉದ್ದದ ಮಿತಿ ಅಲ್ಲಿಯೇ ಸಿಕ್ಕಿತು:

```
min(max(d / (m * 0.6), 1.0), 1.3)
```

ಇದರಲ್ಲಿ `d` ಎಂಬುದು ಅಳೆದ ದೂರ, ಮೀಟರಿನಲ್ಲಿ. `m` ಎಂಬುದು ಇಡೀ ರಿಗ್ಗಿನ ಸ್ಕೇಲ್. ಮೊದಲ ಸಲ ಈ `m` ಅನ್ನು ಬಿಟ್ಟುಬಿಟ್ಟಿದ್ದೆ. ದೃಶ್ಯಕ್ಕೆ ಹೊಂದಿಸಲು ಪಾತ್ರವನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿದಾಗ, ಡ್ರೈವರು ಲೋಕದ ಅಳತೆಯಲ್ಲಿ ದೂರವನ್ನು ಓದುತ್ತಿದ್ದುದರಿಂದ, ಕೈ ಇನ್ನೂ ಮಡಚಿರುವಾಗಲೇ ಅನುಪಾತ 1 ದಾಟಿತು. ಕೊನೆಗೌಡ ಸುಮ್ಮನೆ ನಿಂತಿದ್ದರೂ ಅವನ ಕೈ ಮೊಣಕಾಲ ಹತ್ತಿರ ಜೋತಾಡುತ್ತಿತ್ತು.

ಇನ್ನೆರಡು ಎಡವಟ್ಟುಗಳನ್ನು ಹೇಳಲೇಬೇಕು, ಏಕೆಂದರೆ ಈ ದಾರಿ ಹಿಡಿದವರೆಲ್ಲ ಅವುಗಳನ್ನು ಎದುರಿಸುತ್ತಾರೆ. ಒಂದು, ಮುಂಗೈ ಮೂಳೆಯು ಮೇಲ್ದೋಳಿನ ಮಗುವಾದ್ದರಿಂದ ತಾಯಿಯ ಸ್ಕೇಲನ್ನೂ ಪಡೆದು ತನ್ನದನ್ನೂ ಸೇರಿಸಿಕೊಳ್ಳುತ್ತದೆ. ಎರಡಕ್ಕೂ 1.2 ಕೊಟ್ಟರೆ ಮುಂಗೈ 1.44 ಪಟ್ಟು ಆಗುತ್ತದೆ. ಮೇಲ್ದೋಳು ಸರಿಯಿದ್ದು ಮುಂಗೈ ಮಾತ್ರ ವಿಪರೀತ ಉದ್ದ ಕಂಡರೆ ಇದೇ ಕಾರಣವೆಂದು ತಿಳಿಯಬಹುದು. ಮುಂಗೈ ಮತ್ತು ಹಸ್ತ ಎರಡರಲ್ಲೂ `Inherit Scale` ಅನ್ನು `None` ಮಾಡಿದರೆ ಸರಿಹೋಗುತ್ತದೆ. ಇನ್ನೊಂದು, ದೂರವನ್ನು ಮೇಲ್ದೋಳಿನ ಮೂಳೆಯಿಂದಲೇ ಅಳೆದರೆ ಆ ಮೂಳೆಯ ಸ್ಕೇಲು ಅದರ ಮೇಲೆಯೇ ಅವಲಂಬಿಸಿದಂತಾಗಿ, ಕನ್ಸೋಲಿನಲ್ಲಿ `Dependency cycle detected` ಎಂಬ ಎಚ್ಚರಿಕೆ ಬರುತ್ತದೆ ಮತ್ತು ಕೈ ಒಂದು ಫ್ರೇಮು ತಡವಾಗಿ ನಡುಗುತ್ತ ಹಿಂಬಾಲಿಸಬಹುದು. ಆದ್ದರಿಂದ ಭುಜದ ಜಾಗದಲ್ಲಿ ಕೊರಳೆಲುಬಿಗೆ ಕಟ್ಟಿದ, ಸರಪಳಿಗೆ ಸಂಬಂಧವಿಲ್ಲದ ಪುಟ್ಟ ಸಹಾಯಕ ಮೂಳೆಯೊಂದನ್ನು ಇಟ್ಟು ಅಲ್ಲಿಂದ ಅಳೆಯಬೇಕು.

ಇಷ್ಟೆಲ್ಲ ಸರಿಪಡಿಸಿ ಪರೀಕ್ಷೆ ಓಡಿಸಿದಾಗ ಉದ್ದದ ಮಿತಿ ನಿಖರವಾಗಿ ನಿಂತಿತು, ಆದರೆ ನಡುವೆ ಮೊಣಕೈ ಜಿಗಿಯಿತು. ಇದಕ್ಕೆ ಕಾರಣ ತಂತ್ರಾಂಶವಲ್ಲ, ಭುಜ, ಮೊಣಕೈ, ಮಣಿಕಟ್ಟುಗಳ ತ್ರಿಕೋನದ ಲೆಕ್ಕ. ಮಣಿಕಟ್ಟು 50ರಿಂದ 51 ಸೆಂಟಿಮೀಟರಿಗೆ ಸರಿದಾಗ ಮೊಣಕೈಯ ಮಡಿಕೆ ಸುಮಾರು ಮೂರೂವರೆ ಡಿಗ್ರಿ ಬಿಚ್ಚಿಕೊಳ್ಳುತ್ತದೆ. 57ರಿಂದ 58ಕ್ಕೆ ಹೋಗುವಾಗ ಸುಮಾರು 7 ಡಿಗ್ರಿ, 58ರಿಂದ 59ಕ್ಕೆ ಸುಮಾರು 9 ಡಿಗ್ರಿ. ಕೊನೆಯ ಒಂದು ಸೆಂಟಿಮೀಟರಿನಲ್ಲಿ, ಅಂದರೆ 59ರಿಂದ 60ಕ್ಕೆ, ಉಳಿದ 21 ಡಿಗ್ರಿಯೂ ಒಂದೇ ಫ್ರೇಮಿನಲ್ಲಿ ಬಿಚ್ಚಿಕೊಂಡು ಮೊಣಕೈ ಪಟ್ಟನೆ ನೇರವಾಗುತ್ತದೆ, ಮರುಫ್ರೇಮಿನಿಂದ ಕೋನದ ಬದಲಾವಣೆ ಪೂರ್ತಿ ನಿಂತು ಬರಿಯ ಹಿಗ್ಗುವಿಕೆ ಶುರುವಾಗುತ್ತದೆ. ಕೈ ಚಲಿಸುವ ವೇಗ ಸಮವಾಗಿದ್ದರೂ ಮೊಣಕೈಯ ಕೋನದ ರೇಖೆ ಜೋಗದ ಬಂಡೆಯಂತೆ ಕಡಿದು ಬೀಳುತ್ತದೆ. ಕೆಲವರು ಇದನ್ನು ಮುಚ್ಚಲು ಕೀಫ್ರೇಮುಗಳನ್ನು ತಿದ್ದುತ್ತ ಕೂರುತ್ತಾರೆ. ತಿದ್ದಬೇಕಾದ ಜಾಗ ಅದಲ್ಲ.

ಪರಿಹಾರವೆಂದರೆ ಕೈ ಪೂರ್ತಿ ನೇರವಾಗುವ ಮುನ್ನವೇ ಹಿಗ್ಗುವಿಕೆಯನ್ನು ಮೆಲ್ಲನೆ ಆರಂಭಿಸುವುದು. ಅನಿಮೇಶನ್‌ನವರು ಇದನ್ನು ಸಾಫ್ಟ್ ಐಕೆ ಎನ್ನುತ್ತಾರೆ. ಕೈಯ ಉದ್ದದ ಕೊನೆಯ 3 ಸೆಂಟಿಮೀಟರನ್ನು ಮೆತ್ತನೆಯ ವಲಯವೆಂದು ಬಿಟ್ಟುಕೊಟ್ಟು, ತ್ರಿಕೋನಕ್ಕೆ ಕಾಣುವ ದೂರವು ಆ ವಲಯದಲ್ಲಿ 60ನ್ನು ಸಮೀಪಿಸುತ್ತ ಹೋಗಿ ಎಂದೂ ಮುಟ್ಟದಂತೆ ಮಾಡುತ್ತೇವೆ. ಉಳಿದ ಕೊರತೆಯನ್ನು ಹಿಗ್ಗುವಿಕೆ ತುಂಬುತ್ತದೆ:

```python
from math import exp

def higgu(d, L, ds, smax):
    da = L - ds
    if d <= da:
        return 1.0
    soft = da + ds * (1 - exp(-(d - da) / ds))
    return min(d / soft, smax)
```

`L` 0.6, `ds` 0.03, `smax` 1.3 ಎಂದಿಟ್ಟು ಲೆಕ್ಕ ಹಾಕಿ ನೋಡಿ. ಕಂಟ್ರೋಲು 57 ಸೆಂಟಿಮೀಟರಿನಲ್ಲಿರುವಾಗ ಹಿಗ್ಗುವಿಕೆ ಇಲ್ಲ. 60ಕ್ಕೆ ಬಂದಾಗ ಒಳಗಿನ ದೂರ ಸುಮಾರು 58.9 ಆಗುತ್ತದೆ, ಮೂಳೆಗಳು 1.019 ಪಟ್ಟು ಹಿಗ್ಗಿರುತ್ತವೆ, ಮೊಣಕೈಯಲ್ಲಿ ಇನ್ನೂ 22 ಡಿಗ್ರಿ ಮಡಿಕೆ ಉಳಿದಿರುತ್ತದೆ. 66ರಲ್ಲಿ ಹಿಗ್ಗುವಿಕೆ 1.103. 72ರ ಹೊತ್ತಿಗೆ 1.2, ಅಂದರೆ ಸಾದಾ ಭಾಗಾಕಾರದಿಂದ ಬರುವ ಬೆಲೆಯೇ. ಮೊಣಕೈ ಪ್ರತಿ ಫ್ರೇಮಿಗೆ ಬಿಚ್ಚಿಕೊಳ್ಳುವ ಪ್ರಮಾಣ 57ರ ಬಳಿ ಸುಮಾರು 6 ಡಿಗ್ರಿಯಿದ್ದು ಅಲ್ಲಿಂದ ಇಳಿಯುತ್ತ ಹೋಗುತ್ತದೆ. ಜಿಗಿತ ಹೋಯಿತು, ಹಸ್ತ ಮಾತ್ರ ಕಂಟ್ರೋಲಿನ ಮೇಲೆಯೇ ಉಳಿಯಿತು. ಎರಡು ಪರ್ಸೆಂಟಿನಷ್ಟು ಉದ್ದ ಹೆಚ್ಚಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕಾರ್ಯವನ್ನು `bpy.app.driver_namespace`ಗೆ ಸೇರಿಸಿ, ಡ್ರೈವರಿನಿಂದ ಕರೆಯುವಾಗ `d` ಬದಲಿಗೆ `d/m` ಕೊಡಬೇಕು. ಕಡತವನ್ನು ಇನ್ನೊಂದು ಗಣಕದಲ್ಲಿ ತೆರೆದಾಗ ಸ್ಕ್ರಿಪ್ಟಿಗೆ ಅನುಮತಿ ಸಿಗದಿದ್ದರೆ ಡ್ರೈವರು ಕೆಲಸ ಮಾಡುವುದಿಲ್ಲ. ತೀರ್ಥಹಳ್ಳಿಯ ಗೆಳೆಯನಿಗೆ ಕಡತ ಕಳಿಸಿದ ದಿನ ಇದೇ ಆಯಿತು. ಮಳೆಗೆ ನಮ್ಮಲ್ಲಿ ಕರೆಂಟೂ ಹೋಗಿದ್ದರಿಂದ, ಅವನು ಫೋನಿನಲ್ಲಿ "ಮಾರಾಯಾ, ಕೈ ಹಿಗ್ಗೋದೇ ಇಲ್ಲ" ಎನ್ನುತ್ತಿದ್ದರೆ ನಾನು ಕತ್ತಲೆಯಲ್ಲಿ ಕುಳಿತು ಯಾವ ಗುರುತು ಒತ್ತಬೇಕೆಂದು ನೆನಪಿನಿಂದ ಹೇಳಬೇಕಾಯಿತು.

ಕೆಳತುದಿಯಲ್ಲಿ ಮೆತ್ತಗೆ ಮಾಡಿದ ಮೇಲೆ, 1.3ರ ಮೇಲ್ಮಿತಿಯನ್ನೂ ಅದೇ ರೀತಿ ಮೆತ್ತಗೆ ಮಾಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ನನಗೂ ಹುಟ್ಟಿತು. 1.2ರ ನಂತರ ಹಿಗ್ಗುವಿಕೆ ನಿಧಾನಗೊಂಡು 1.3ನ್ನು ಸಮೀಪಿಸುವಂತೆ ಅದೇ ಬಗೆಯ ಸೂತ್ರ ಹಾಕಿದೆ. ಕಂಟ್ರೋಲು 78ರಲ್ಲಿರುವಾಗ ಹಿಗ್ಗುವಿಕೆ 1.263ಕ್ಕೆ ನಿಂತು, ಹಸ್ತ 75.8 ಸೆಂಟಿಮೀಟರಿನಲ್ಲೇ ಉಳಿಯಿತು. ಗಾಳಿಯಲ್ಲಿ ಬೀಸುವ ಕೈಗೆ ಇದು ಬಲು ಚೆಂದ. ಆದರೆ ನಮ್ಮ ಕೊನೆಗೌಡ ಪಕ್ಕದ ಮರವನ್ನು ಹಿಡಿದು, ತನ್ನ ಮರ ಹಿಂದಕ್ಕೆ ತೂಗಿದಾಗ ಭುಜ ದೂರವಾಗುತ್ತದೆ. ಆಗ ಹಿಡಿದ ಹಸ್ತ ಎರಡು ಸೆಂಟಿಮೀಟರ್ ಮರದ ಮೇಲೆ ಜಾರಿತು. ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಹಿರಿಯರೊಬ್ಬರಿಗೆ ಆ ತುಣುಕನ್ನು ತೋರಿಸಿದೆ. "ಕೈ ಉದ್ದ ಆಗ್ಲಿ ಮಾರಾಯ್ರೆ, ಹಿಡಿದ ಕೈ ಜಾರೂಕೆ ಆಗ" ಎಂದರು. ಅದೇ ತೀರ್ಪಾಯಿತು. ಹಸ್ತ ಏನನ್ನಾದರೂ ಹಿಡಿದಿರುವ ದೃಶ್ಯದಲ್ಲಿ ಮೇಲ್ಮಿತಿ ಗಟ್ಟಿಯಾಗಿಯೇ ಇರಬೇಕು, ಮತ್ತು ಮಿತಿ ಮುಟ್ಟದಂತೆ ದೇಹವನ್ನು ಮುಂದಕ್ಕೆ ತರುವ ಹೊಣೆ ಅನಿಮೇಟರನದು.

ಇದೇ ದಾರಿಯಲ್ಲಿ ಗಾತ್ರ ಕಾಯುವುದೂ ಸುಲಭವೆಂದು ಕಾಣುತ್ತದೆ. ಉದ್ದ `s` ಪಟ್ಟು ಆದಾಗ ಅಡ್ಡದ ಎರಡೂ ಅಕ್ಷಗಳನ್ನು `1/sqrt(s)` ಮಾಡಿದರೆ ಮೂರರ ಗುಣಲಬ್ಧ 1 ಆಗಿಯೇ ಉಳಿಯುತ್ತದೆ. 1.3 ಪಟ್ಟು ಹಿಗ್ಗಿದಾಗ ದಪ್ಪ 0.877ಕ್ಕೆ ಇಳಿಯುತ್ತದೆ. ಆದರೆ ಈ ಸ್ಕೇಲುಗಳನ್ನು ಐಕೆ ಸರಪಳಿಯ ಮೂಳೆಗಳಿಗೇ ಕೊಟ್ಟಾಗ ಒಂದೇ ಮೂಳೆ ಲೆಕ್ಕಕ್ಕೂ ಚರ್ಮಕ್ಕೂ ದುಡಿಯಬೇಕಾಗುತ್ತದೆ. ಡ್ರೈವರುಗಳ ಸಂಖ್ಯೆ ಪ್ರತಿ ಕೈಗೆ ಎರಡರಿಂದ ಆರಕ್ಕೆ ಏರುತ್ತದೆ, ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಕೈಯ ಅಡ್ಡಸೀಳು ಗುಂಡಗಿರದೆ ಚಪ್ಪಟೆಯಾಗುತ್ತದೆ.

ಮೂರನೆಯದು: `Stretch To` ಕಟ್ಟಿದ ಎರಡನೆಯ ಪದರ

ಈ ದಾರಿಯಲ್ಲಿ ಐಕೆ ಸರಪಳಿ ಹಿಗ್ಗುವುದೇ ಇಲ್ಲ. ಚರ್ಮಕ್ಕೆ ಅಂಟಿದ ಬೇರೆ ಮೂಳೆಗಳ ಪದರವೊಂದು ಇರುತ್ತದೆ. ಅದರಲ್ಲಿ ಮೇಲ್ದೋಳು ಮೊಣಕೈಯ ಬಿಂದುವಿಗೂ, ಮುಂಗೈ ಮಣಿಕಟ್ಟಿನ ಬಿಂದುವಿಗೂ `Stretch To` ಕನ್‌ಸ್ಟ್ರೈಂಟಿನಿಂದ ಚಾಚಿಕೊಳ್ಳುತ್ತದೆ. ಗಾತ್ರದ ಲೆಕ್ಕ ಇಲ್ಲಿ ಒಳಗೇ ಇದೆ. ರಿಗ್ಗಿನ ಒಟ್ಟು ಸ್ಕೇಲಿನ ತಲೆನೋವೂ ಇಲ್ಲ.

ಆದರೆ ಉದ್ದದ ವಿಷಯಕ್ಕೆ ಬಂದಾಗ ಇದು ನನ್ನನ್ನು ಸೋಲಿಸಿತು. ಐಕೆ ಸರಪಳಿ 60ಕ್ಕೆ ನೇರವಾಗಿ ನಿಂತ ಮೇಲೆ ಮೊಣಕೈಯ ಬಿಂದು ಭುಜದಿಂದ 30ರಲ್ಲೇ ಉಳಿಯುತ್ತದೆ, ಮಣಿಕಟ್ಟಿನ ಬಿಂದು ಮಾತ್ರ 78ಕ್ಕೆ ಹೋಗುತ್ತದೆ. ಹಿಗ್ಗುವಿಕೆಯೆಲ್ಲ ಮುಂಗೈ ಪಾಲಾಗಿ ಅದು 30ರಿಂದ 48ಕ್ಕೆ, ಅಂದರೆ 1.6 ಪಟ್ಟಿಗೆ ಏರುತ್ತದೆ. ದಪ್ಪ 0.79ಕ್ಕೆ ಇಳಿಯುತ್ತದೆ. ಮೇಲ್ದೋಳು ಪೈಲ್ವಾನನದು, ಮುಂಗೈ ಬಡಕಲು. ಮೊಣಕೈಯ ಬಿಂದುವನ್ನು ಹಿಗ್ಗುವಿಕೆಗೆ ತಕ್ಕಂತೆ ಜರುಗಿಸಲು ಮತ್ತೆ ದೂರ ಅಳೆಯುವ ಡ್ರೈವರೇ ಬೇಕು. ಮೇಲ್ಮಿತಿಗೆ, ಮಣಿಕಟ್ಟಿನ ಸಹಾಯಕ ಬಿಂದುವಿಗೆ `Limit Distance` ಹಾಕಿ ಕಟ್ಟಿಹಾಕಬಹುದು. ಆದರೆ ಅದೂ ಗಟ್ಟಿ ಮಿತಿಯೇ, ಮೊಣಕೈ ಜಿಗಿತಕ್ಕೆ ಅದರಲ್ಲಿ ಮದ್ದಿಲ್ಲ.

ದಪ್ಪದ ವಿಷಯದಲ್ಲಿ ಮಾತ್ರ `Stretch To`ಗೆ ಸಾಟಿಯಿಲ್ಲ. ಅದರ `Volume Variation` ಎಂಬುದು ಘಾತವಿದ್ದಂತೆ. 1 ಎಂದಿಟ್ಟರೆ ಗಾತ್ರ ಪೂರ್ತಿ ಕಾಯಲ್ಪಡುತ್ತದೆ, ಸೊನ್ನೆಯಿಟ್ಟರೆ ದಪ್ಪ ಬದಲಾಗುವುದೇ ಇಲ್ಲ. ಹಲವರು ತಪ್ಪು ತಿಳಿಯುವ ಸಂಗತಿಯೊಂದಿದೆ. ಅದರ ಕನಿಷ್ಠ ಮತ್ತು ಗರಿಷ್ಠ ಮಿತಿಗಳು ದಪ್ಪಕ್ಕೆ ಹಾಕುವ ಮಿತಿಗಳಲ್ಲ, ಅಡ್ಡಸೀಳಿನ ವಿಸ್ತೀರ್ಣಕ್ಕೆ ಹಾಕುವ ಮಿತಿಗಳು. ಎರಡೂ ಅಡ್ಡ ಅಕ್ಷಗಳಿಗೆ ಅದರ ವರ್ಗಮೂಲ ಹೋಗುತ್ತದೆ. ದಪ್ಪ 0.8ಕ್ಕಿಂತ ಇಳಿಯಬಾರದೆಂದಿದ್ದರೆ ಕನಿಷ್ಠಕ್ಕೆ 0.64 ಎಂದು ಬರೆಯಬೇಕು. ನಾನು 0.8 ಎಂದೇ ಬರೆದು, 1.3 ಪಟ್ಟಿನಲ್ಲಿ ದಪ್ಪ 0.877ಕ್ಕೆ ಹೋಗಬೇಕಾದದ್ದು 0.894ಕ್ಕೆ ಏಕೆ ನಿಲ್ಲುತ್ತಿದೆಯೆಂದು ಅರ್ಧ ದಿನ ಹುಡುಕಿದೆ. ಇನ್ನೊಂದು: ಮೂಳೆಯ ಉದ್ದವನ್ನು ಆಮೇಲೆ ತಿದ್ದಿದರೆ `Rest Length` ಹಳೆಯದೇ ಉಳಿದು, ಪಾತ್ರ ಸುಮ್ಮನೆ ನಿಂತಿರುವಾಗಲೂ ಕೈ ತೆಳ್ಳಗೆ ಅಥವಾ ದಪ್ಪಗೆ ಕಾಣುತ್ತದೆ. ಅದನ್ನು ಸೊನ್ನೆ ಮಾಡಿದರೆ ಹೊಸದಾಗಿ ಅಳೆದುಕೊಳ್ಳುತ್ತದೆ.

ಪೂರ್ತಿ ಗಾತ್ರ ಕಾಯುವುದೇ ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅಲ್ಲವೆಂದೇ. ನೋಡುವವರ ಕಣ್ಣು ಅಳೆಯುವುದು ಪರದೆಯ ಮೇಲಿನ ಅಗಲವನ್ನು, ಒಳಗಿನ ಘನವನ್ನಲ್ಲ. 1.3 ಪಟ್ಟಿನಲ್ಲಿ ದಪ್ಪ 0.877 ಆದಾಗ, ತೆಳುವಾಗದ ಹಸ್ತದ ಪಕ್ಕದಲ್ಲಿ ಮುಂಗೈ ಕೊರೆದಂತೆ ಕಂಡು ಮಣಿಕಟ್ಟಿನಲ್ಲಿ ಮೆಟ್ಟಿಲು ಮೂಡಿತು. `Volume Variation` ಅನ್ನು 0.6ಕ್ಕೆ ಇಳಿಸಿದಾಗ ದಪ್ಪ 0.924ರಲ್ಲಿ ನಿಂತಿತು, ಮೆಟ್ಟಿಲು ಚರ್ಮದ ಮೇಲೆ ಮೂಳೆಗಳ ಹಿಡಿತವನ್ನು ಹೇಳುವ ತೂಕಗಳ ಹಂಚಿಕೆಯಲ್ಲೇ ಕರಗಿತು, ಕೈ ಎಳೆದಂತೆಯೂ ಕಂಡಿತು.

ಕೊನೆಗೆ ಉಳಿಸಿಕೊಂಡದ್ದು ಎರಡನೆಯದರ ಉದ್ದ ಮತ್ತು ಮೂರನೆಯದರ ದಪ್ಪ. ಐಕೆ ಸರಪಳಿಯ ಎರಡು ಮೂಳೆಗಳಿಗೆ `Y` ಸ್ಕೇಲಿನ ಡ್ರೈವರು ಮಾತ್ರ, ಮೆತ್ತನೆಯ ಆರಂಭ ಮತ್ತು ಗಟ್ಟಿ ಮೇಲ್ಮಿತಿಯೊಂದಿಗೆ. ಸರಪಳಿಯೇ ಹಿಗ್ಗುವುದರಿಂದ ಮೊಣಕೈಯ ಬಿಂದು ತಾನಾಗಿ ಸರಿಯಾದ ಜಾಗಕ್ಕೆ ಸರಿಯುತ್ತದೆ. ಚರ್ಮದ ಪದರದ ಮೂಳೆಗಳು ಆ ಬಿಂದುಗಳ ಕಡೆಗೆ `Stretch To`ನಿಂದ ಚಾಚಿಕೊಂಡು ದಪ್ಪವನ್ನು ತಾವೇ ನೋಡಿಕೊಳ್ಳುತ್ತವೆ. ಅವುಗಳಲ್ಲೂ `Inherit Scale` ಅನ್ನು `None` ಮಾಡಿರಬೇಕು, ಇಲ್ಲವಾದರೆ ಸರಪಳಿಯಿಂದ ಬರುವ ಸ್ಕೇಲು ದಪ್ಪದ ಲೆಕ್ಕವನ್ನು ಕೆಡಿಸುತ್ತದೆ. ಕಟ್ಟಲು ಒಂದು ಕೈಗೆ ನನಗೆ ಒಂದು ಗಂಟೆ ಹಿಡಿಯಿತು. ಕಾಲುಗಳಿಗೂ ಇದನ್ನೇ ಹಾಕಿದೆ, ಆದರೆ ಅಲ್ಲಿ ಮಿತಿ 1.08 ಮಾತ್ರ: ಮರಕ್ಕೆ ಒತ್ತಿ ನಿಂತ ಕಾಲು ಅದಕ್ಕಿಂತ ಹೆಚ್ಚು ಉದ್ದವಾದರೆ ಮೈಭಾರ ಹೊತ್ತಂತೆ ಕಾಣುವುದಿಲ್ಲ.